ಅಮೆರಿಕ ಬಿಟ್ಟು ಬಂದರೆ ಮತ್ತೆ ಹೋಗಲು ದಾರಿ ಇದೆಯೇ? ಎಚ್-1ಬಿ ಎಂಜಿನಿಯರ್‌ಗಳ ಮುಂದಿರುವ ಹೊಸ ಲೆಕ್ಕ

ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುವ ಭಾರತೀಯ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ‘ಊರಿಗೆ ವಾಪಸ್ ಹೋಗುವುದೋ, ಇಲ್ಲೇ ಉಳಿಯುವುದೋ’ ಎಂಬ ಪ್ರಶ್ನೆ ಹೊಸದೇನಲ್ಲ. ಹತ್ತು ವರ್ಷಗಳ ಹಿಂದೆಯೂ ಇತ್ತು. ಆದರೆ ಆಗ ಅದಕ್ಕೊಂದು ಸಮಾಧಾನವಿತ್ತು: ಬೆಂಗಳೂರಿಗೋ ಪುಣೆಗೋ ಹೋಗಿ ಎರಡು ವರ್ಷ ನೋಡೋಣ, ಸರಿಹೋಗದಿದ್ದರೆ ಇನ್ನೊಂದು ಕಂಪನಿಯ ಮೂಲಕ ಮರಳಿ ಬಂದರಾಯಿತು. ಒಮ್ಮೆ ಎಚ್-1ಬಿ ಲಾಟರಿಯಲ್ಲಿ ಆಯ್ಕೆಯಾದವರು ಮತ್ತೆ ಲಾಟರಿಗೆ ನಿಲ್ಲಬೇಕಾಗಿರಲಿಲ್ಲ. ಕಂಪನಿಗೆ ತಗಲುತ್ತಿದ್ದುದು ಕೆಲವು ಸಾವಿರ ಡಾಲರ್ ಶುಲ್ಕ ಮಾತ್ರ.

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಘೋಷಣೆ ಈ ಸಮಾಧಾನವನ್ನು ಕಿತ್ತುಕೊಂಡಿತು. ಸೆಪ್ಟೆಂಬರ್ 21ರ ನಂತರ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್, ಅಂದರೆ ಸುಮಾರು 90 ಲಕ್ಷ ರೂಪಾಯಿ ಪಾವತಿಸಬೇಕೆಂದು ಅದು ಹೇಳಿತು. ಮೊದಲ ಎರಡು ದಿನ ವಿಮಾನ ನಿಲ್ದಾಣಗಳಲ್ಲಿ ಗಾಬರಿ ಎದ್ದಿತು. ಆ ಗಾಬರಿ ಇಳಿದ ಮೇಲೆ, ಅಕ್ಟೋಬರ್ 20ರಂದು ಅಮೆರಿಕದ ವಲಸೆ ಇಲಾಖೆ ನೀಡಿದ ವಿವರಣೆಯಲ್ಲಿ ಚಿತ್ರ ಸ್ಪಷ್ಟವಾಯಿತು. ಅಮೆರಿಕದ ಒಳಗಿದ್ದುಕೊಂಡೇ ವೀಸಾ ಅವಧಿ ವಿಸ್ತರಿಸುವವರಿಗೆ, ಕಂಪನಿ ಬದಲಿಸುವವರಿಗೆ ಈ ಶುಲ್ಕ ಇಲ್ಲ. ದೇಶದ ಹೊರಗಿದ್ದು, ಕೈಯಲ್ಲಿ ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರ ಪರವಾಗಿ ಹೊಸ ಅರ್ಜಿ ಹಾಕಿದರೆ ಶುಲ್ಕ ಅನ್ವಯ.

ಹೊಸದಾಗಿ ಹೋಗುವವರಷ್ಟೇ ಈ ಶುಲ್ಕದ ಗುರಿ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಹತ್ತು ವರ್ಷ ಅಲ್ಲಿ ದುಡಿದು ಊರಿಗೆ ಬಂದು, ಮನಸ್ಸು ಬದಲಾಯಿಸಿ ಮರಳಲು ಹೊರಟವರೂ ಇದೇ ಬಲೆಗೆ ಬೀಳುತ್ತಾರೆ. ಹಾಗಾಗಿ ಈಗ ಎಂಜಿನಿಯರ್‌ಗಳ ಮುಂದಿರುವ ನಿಜವಾದ ಪ್ರಶ್ನೆ ‘ಹೋಗಬೇಕೇ, ಇರಬೇಕೇ’ ಎಂಬುದಕ್ಕಿಂತ ‘ಹೋದರೆ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ’ ಎಂಬುದು.

ಉಳಿಯುವುದೆಂದರೆ ಏನು?

ಎಚ್-1ಬಿ ಮೂಲತಃ ಆರು ವರ್ಷದ ವೀಸಾ. ಅದಕ್ಕಿಂತ ಹೆಚ್ಚು ಕಾಲ ಇರಬೇಕಾದರೆ ಗ್ರೀನ್ ಕಾರ್ಡ್ ಪ್ರಕ್ರಿಯೆ ಆರಂಭವಾಗಿರಬೇಕು. ಕಂಪನಿ ಮೊದಲು ಕಾರ್ಮಿಕ ಇಲಾಖೆಯಿಂದ ‘ಪರ್ಮ್’ ಎಂಬ ಪ್ರಮಾಣೀಕರಣ ಪಡೆಯುತ್ತದೆ. ನಂತರ ಐ-140 ಎಂಬ ಅರ್ಜಿ ಹಾಕುತ್ತದೆ. ಪರ್ಮ್ ಅರ್ಜಿ ಸಲ್ಲಿಸಿದ ದಿನವೇ ಆ ಉದ್ಯೋಗಿಯ ‘ಪ್ರಯಾರಿಟಿ ದಿನಾಂಕ’. ರೇಷನ್ ಅಂಗಡಿಯ ಸಾಲಿನಲ್ಲಿ ಸಿಗುವ ಟೋಕನ್ ಇದ್ದಂತೆ. ಐ-140 ಒಪ್ಪಿಗೆಯಾಗಿದ್ದು ಸರದಿ ಇನ್ನೂ ಬಾರದಿದ್ದರೆ ಎಚ್-1ಬಿಯನ್ನು ಮೂರು ಮೂರು ವರ್ಷಗಳಂತೆ ವಿಸ್ತರಿಸುತ್ತಾ ಹೋಗಬಹುದು.

ಸಮಸ್ಯೆ ಇರುವುದು ಸಾಲಿನಲ್ಲಿ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1.4 ಲಕ್ಷ. ಅದರಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ಕುಟುಂಬದ ಸದಸ್ಯರೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಸ್ನಾತಕೋತ್ತರ ಪದವಿ ಇರುವ ಬಹುತೇಕ ಎಂಜಿನಿಯರ್‌ಗಳು ನಿಲ್ಲುವ ಇಬಿ-2 ವಿಭಾಗದಲ್ಲಿ, 2026ರ ಜನವರಿಯ ವೀಸಾ ಬುಲೆಟಿನ್ ಪ್ರಕಾರ ಭಾರತೀಯರ ಸರದಿ ತಲುಪಿದ್ದು 2013ರ ಜುಲೈ 15ಕ್ಕೆ.

ಈ ಸಾಲು ಒಂದೇ ವೇಗದಲ್ಲಿ ಸಾಗುವುದೂ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇದೇ ದಿನಾಂಕ 2014ರ ಡಿಸೆಂಬರ್‌ವರೆಗೆ ಬಂದಿತ್ತು. ಮರುತಿಂಗಳೇ ಅದು 2012ರ ಏಪ್ರಿಲ್‌ಗೆ ಹಿಂದೆ ಸರಿಯಿತು. ಅಲ್ಲಿಂದ 2025ರ ಅಕ್ಟೋಬರ್‌ವರೆಗಿನ ಮೂರು ವರ್ಷಗಳಲ್ಲಿ ಮುಂದೆ ಬಂದದ್ದು ಒಂದೇ ವರ್ಷ. ಕೋವಿಡ್ ಕಾಲದಲ್ಲಿ ಕುಟುಂಬ ವಿಭಾಗದಲ್ಲಿ ಬಳಕೆಯಾಗದೆ ಉಳಿದ ವೀಸಾಗಳು ಉದ್ಯೋಗ ವಿಭಾಗಕ್ಕೆ ಹರಿದುಬಂದಿದ್ದರಿಂದ ಅದಕ್ಕೂ ಮೊದಲು ವೇಗ ಹೆಚ್ಚಿತ್ತು.

ಕಾಯುವಾಗಿನ ಬದುಕೂ ಈಗ ಮೊದಲಿನಂತಿಲ್ಲ. ಕೆಲಸ ಹೋದರೆ ಇನ್ನೊಂದು ಕಂಪನಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪಿಂಗ್‌ಗೆ ಬೇರೆ ದೇಶಕ್ಕೆ ಹೋಗಿ ಬರುವ ಅನುಕೂಲ 2025ರ ಸೆಪ್ಟೆಂಬರ್‌ನಲ್ಲಿ ಬಹುತೇಕ ನಿಂತಿತು. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆ ಶುರುವಾಗಿ, ಭಾರತದಲ್ಲಿ ನಿಗದಿಯಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಅಣ್ಣನ ಮದುವೆಗೆಂದು ಎರಡು ವಾರದ ರಜೆ ಹಾಕಿ ಬಂದವರು ಹಿಂದಿರುಗಲಾಗದೆ ಊರಿನಲ್ಲೇ ಉಳಿಯುವ ಪರಿಸ್ಥಿತಿ ಬಂತು. ಎಚ್-4 ವೀಸಾದಲ್ಲಿರುವ ಸಂಗಾತಿಯ ಕೆಲಸದ ಪರವಾನಗಿಯನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ ಎಂಬುದು ಒಳ್ಳೆಯ ಸುದ್ದಿ. ಆದರೆ ಅದೇ ತಿಂಗಳ ಕೊನೆಗೆ ಆ ಪರವಾನಗಿಯ ತಾನಾಗಿಯೇ ವಿಸ್ತರಣೆಯಾಗುವ ಸೌಲಭ್ಯ ರದ್ದಾಯಿತು. ನವೀಕರಣ ತಡವಾದರೆ ಸಂಗಾತಿ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂರಬೇಕು.

ಒಂದು ಕುಟುಂಬದ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ವಿಷಯ ಸುಲಭವಾಗುತ್ತದೆ. ಇದು ಕಲ್ಪಿತ ಕುಟುಂಬ. ಆದರೆ ಇಂಥ ಪರಿಸ್ಥಿತಿಯಲ್ಲಿರುವ ಮನೆಗಳು ಡಲ್ಲಾಸ್‌ನಿಂದ ಸಿಯಾಟಲ್‌ವರೆಗೆ ಬೇಕಾದಷ್ಟಿವೆ.

ದಾವಣಗೆರೆ ಮೂಲದ 39 ವರ್ಷದ ಎಂಜಿನಿಯರ್. 2015ರಲ್ಲಿ ಎಚ್-1ಬಿ ಮೇಲೆ ಡಲ್ಲಾಸ್‌ಗೆ ಹೋದರು. ಇಬಿ-2ರಲ್ಲಿ ಪ್ರಯಾರಿಟಿ ದಿನಾಂಕ 2017ರ ಮಾರ್ಚ್. ಐ-140 ಒಪ್ಪಿಗೆಯಾದದ್ದು 2018ರಲ್ಲಿ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ 2027ರ ಸೆಪ್ಟೆಂಬರ್‌ವರೆಗೆ ಚಾಲ್ತಿಯಲ್ಲಿದೆ. ಮಗಳು ಹುಟ್ಟಿದ್ದು 2013ರ ನವೆಂಬರ್‌ನಲ್ಲಿ, ದಾವಣಗೆರೆಯಲ್ಲಿ. ಮಗ ಹುಟ್ಟಿದ್ದು 2018ರಲ್ಲಿ, ಟೆಕ್ಸಾಸ್‌ನಲ್ಲಿ. ಹಾಗಾಗಿ ಆತ ಅಮೆರಿಕದ ಪ್ರಜೆ.

ಮೊದಲ ಲೆಕ್ಕ ಮಗಳದ್ದು. ತಂದೆಯ ಗ್ರೀನ್ ಕಾರ್ಡ್ ಜೊತೆಗೆ ಮಕ್ಕಳಿಗೂ ಸಿಗಬೇಕಾದರೆ ಅವರು 21 ವರ್ಷದೊಳಗಿರಬೇಕು. ಐ-140 ಪರಿಶೀಲನೆಗೆ ಹಿಡಿದ ಕಾಲವನ್ನು ವಯಸ್ಸಿನಿಂದ ಕಳೆಯುವ ನಿಯಮವಿದೆ. ಅದು ಸಾಮಾನ್ಯವಾಗಿ ಕೆಲವೇ ತಿಂಗಳು. ಅಂದರೆ ಈ ಹುಡುಗಿಗೆ ಗಡುವು 2034ರ ಕೊನೆ ಅಥವಾ 2035ರ ಆರಂಭ.

ಸಾಲು 2026ರ ಜನವರಿಯಲ್ಲಿದ್ದ 2013ರ ಜುಲೈನಿಂದ 2017ರ ಮಾರ್ಚ್‌ಗೆ ಬರಲು ಮೂರು ವರ್ಷ ಎಂಟು ತಿಂಗಳ ದೂರವಿದೆ. 2020ರ ಅಕ್ಟೋಬರ್‌ನಿಂದ 2025ರ ಅಕ್ಟೋಬರ್‌ವರೆಗಿನ ಸರಾಸರಿ ವೇಗದಲ್ಲಿ ಸಾಗಿದರೆ ಇನ್ನೂ ಐದು ವರ್ಷ, ಅಂದರೆ 2031. ಮಗಳಿಗೂ ಕಾರ್ಡ್ ಸಿಗುತ್ತದೆ. ಆದರೆ ಆ ಐದು ವರ್ಷಗಳಲ್ಲಿ ಕೋವಿಡ್ ಕಾಲದ ಹೆಚ್ಚುವರಿ ವೀಸಾಗಳ ಕೊಡುಗೆ ದೊಡ್ಡದು. ಕೊನೆಯ ಮೂರು ವರ್ಷಗಳ ವೇಗವನ್ನೇ ತೆಗೆದುಕೊಂಡರೆ ಹನ್ನೊಂದು ವರ್ಷ, ಅಂದರೆ 2037. ಆಗ ತಂದೆ, ತಾಯಿಗೆ ಕಾರ್ಡ್ ಸಿಗುತ್ತದೆ, ತಮ್ಮ ಹೇಗೂ ಪ್ರಜೆ, ಮಗಳು ಮಾತ್ರ ವಿದ್ಯಾರ್ಥಿ ವೀಸಾಕ್ಕೆ ಬದಲಾಗಿ ತನ್ನದೇ ಲಾಟರಿಗೆ ನಿಲ್ಲಬೇಕು. ಒಂದೇ ಮನೆಯ ನಾಲ್ವರಲ್ಲಿ ಒಬ್ಬಳು ಹೊರಗೆ.

ಎರಡು ಲೆಕ್ಕಗಳ ನಡುವೆ ಆರು ವರ್ಷಗಳ ಅಂತರ. ಯಾವುದು ನಿಜವಾಗುತ್ತದೆ ಎಂದು ಯಾವ ವಕೀಲರೂ ಖಚಿತವಾಗಿ ಹೇಳಲಾರರು. 2017ರ ಬದಲು 2021ರ ದಿನಾಂಕ ಇರುವವರಿಗಂತೂ ವೇಗದ ಲೆಕ್ಕವೂ ಹತ್ತು ವರ್ಷ ದಾಟುತ್ತದೆ. ‘ಇನ್ನೇನು ಬಂದೇಬಿಡುತ್ತದೆ’ ಎಂಬ ನಿರೀಕ್ಷೆಯಲ್ಲಿ ಉಳಿಯುವವರು ಮೊದಲು ತಮ್ಮ ದಿನಾಂಕ ಮತ್ತು ಮಕ್ಕಳ ಹುಟ್ಟಿದ ದಿನವನ್ನು ಪಕ್ಕಪಕ್ಕ ಬರೆದು ನೋಡಬೇಕಾದ್ದು ಇದಕ್ಕೇ.

ಹೊರಟರೆ ಕೈಯಲ್ಲಿ ಉಳಿಯುವುದು

ದೇಶ ಬಿಟ್ಟ ತಕ್ಷಣ ಎಲ್ಲವೂ ಶೂನ್ಯವಾಗುತ್ತದೆ ಎಂಬ ಭಯ ಸಾಮಾನ್ಯ. ಅದು ಪೂರ್ತಿ ನಿಜವಲ್ಲ.

ಪ್ರಯಾರಿಟಿ ದಿನಾಂಕ ಉಳಿಯುತ್ತದೆ. ಐ-140 ಒಪ್ಪಿಗೆಯಾಗಿ 180 ದಿನ ಕಳೆದಿದ್ದರೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಒಪ್ಪಿಗೆ ರದ್ದಾಗುವುದಿಲ್ಲ. ವಂಚನೆ ಅಥವಾ ಇಲಾಖೆಯ ಗಂಭೀರ ತಪ್ಪು ಕಂಡುಬಂದಂಥ ಸಂದರ್ಭಗಳಲ್ಲಿ ದಿನಾಂಕ ಹೋಗುತ್ತದೆ. ಮುಂದೆ ಯಾವ ಕಂಪನಿ ಹೊಸದಾಗಿ ಗ್ರೀನ್ ಕಾರ್ಡ್ ಪ್ರಕ್ರಿಯೆ ಆರಂಭಿಸಿದರೂ 2017ರ ಮಾರ್ಚ್‌ನ ಟೋಕನ್ ಅದಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಹೊರಡುವ ಮೊದಲು ಐ-140 ಒಪ್ಪಿಗೆ ಪತ್ರದ ಪ್ರತಿಯನ್ನು ಕಂಪನಿಯಿಂದ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅದು ಕಂಪನಿಯ ದಾಖಲೆ ಎಂಬ ಕಾರಣಕ್ಕೆ ಕೆಲವು ಕಡೆ ಕೊಡುವುದಿಲ್ಲ. ಕನಿಷ್ಠ ರಸೀದಿ ಸಂಖ್ಯೆಯಾದರೂ ಕೈಯಲ್ಲಿರಬೇಕು.

ಗ್ರೀನ್ ಕಾರ್ಡ್ ಎಂಬುದು ‘ಮುಂದೆ ಕೊಡುವ ಕೆಲಸ’ಕ್ಕಾಗಿ ಸಿಗುವಂಥದ್ದು ಎಂಬ ಅಂಶವೂ ಬಹಳ ಜನರ ಗಮನಕ್ಕೆ ಬಂದಿಲ್ಲ. ಅದೇ ಕಂಪನಿ ‘ಸರದಿ ಬಂದಾಗ ಇವರನ್ನು ಅಮೆರಿಕದ ಹುದ್ದೆಗೆ ತೆಗೆದುಕೊಳ್ಳುತ್ತೇವೆ’ ಎಂಬ ಮಾತಿಗೆ ಬದ್ಧವಾಗಿದ್ದರೆ, ಉದ್ಯೋಗಿ ಬೆಂಗಳೂರಿನಲ್ಲಿ ಕೂತೇ ಸರದಿ ಕಾಯಬಹುದು. ಸಂದರ್ಶನ ನಡೆಯುವುದು ಮುಂಬೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ. 1 ಲಕ್ಷ ಡಾಲರ್ ಶುಲ್ಕ ಎಚ್-1ಬಿಗೆ ಸಂಬಂಧಿಸಿದ್ದು, ವಲಸೆ ವೀಸಾಕ್ಕೆ ಅಲ್ಲ. ಆದರೆ ಸರದಿ ಬಂದಿದೆ ಎಂದು ಅಲ್ಲಿನ ವೀಸಾ ಕೇಂದ್ರದಿಂದ ಪತ್ರ ಬಂದಾಗ ಒಂದು ವರ್ಷದೊಳಗೆ ಸ್ಪಂದಿಸದಿದ್ದರೆ ನೋಂದಣಿಯೇ ರದ್ದಾಗಬಹುದು. ಹಳೆಯ ಕಂಪನಿಯ ಇಮೇಲ್ ವಿಳಾಸವನ್ನೇ ಕೊಟ್ಟು ಕೆಲಸ ಬಿಟ್ಟವರಿಗೆ ಈ ಪತ್ರ ತಲುಪುವುದೇ ಇಲ್ಲ.

ಎಚ್-1ಬಿ ವಿಷಯದಲ್ಲಿ, ಒಮ್ಮೆ ಲಾಟರಿಯಲ್ಲಿ ಲೆಕ್ಕಕ್ಕೆ ಬಂದವರು ಐ-140 ಒಪ್ಪಿಗೆಯ ಆಧಾರದ ಮೇಲೆ ಮತ್ತೆ ಲಾಟರಿ ಇಲ್ಲದೆ ಹೋಗುವ ಅವಕಾಶ ಈಗಲೂ ಇದೆ. ತೊಡಕು ಶುಲ್ಕದ್ದು. ಈ ಎಂಜಿನಿಯರ್ 2026ರ ನವೆಂಬರ್‌ನಲ್ಲಿ ವಾಪಸ್ ಬಂದರೆ, ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುಗಿಯುವ 2027ರ ಸೆಪ್ಟೆಂಬರ್‌ವರೆಗೆ ಹತ್ತು ತಿಂಗಳ ಅವಕಾಶವಿದೆ. ಇಲಾಖೆಯ ವಿವರಣೆಯ ಪ್ರಕಾರ ಚಾಲ್ತಿ ವೀಸಾ ಇರುವವರಿಗೆ ಶುಲ್ಕ ಅನ್ವಯವಾಗುವುದಿಲ್ಲ. ಆ ದಿನಾಂಕ ದಾಟಿದರೆ, ಘೋಷಣೆ ಆಗಲೂ ಜಾರಿಯಲ್ಲಿದ್ದರೆ, ಕರೆಸಿಕೊಳ್ಳುವ ಕಂಪನಿ 90 ಲಕ್ಷ ರೂಪಾಯಿ ಕಟ್ಟಬೇಕು. ಒಬ್ಬ ಹಿರಿಯ ಎಂಜಿನಿಯರ್‌ಗಾಗಿ ಅಷ್ಟು ಹಣ ಕಟ್ಟುವ ಕಂಪನಿಗಳು ಬೆರಳೆಣಿಕೆಯಷ್ಟು.

ಘೋಷಣೆಯ ಅವಧಿ ಹನ್ನೆರಡು ತಿಂಗಳು. ವಿಸ್ತರಿಸದಿದ್ದರೆ 2026ರ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ. ಇದನ್ನು ಪ್ರಶ್ನಿಸಿದ್ದ ಅಮೆರಿಕದ ವಾಣಿಜ್ಯ ಮಂಡಳಿಯ ವಾದವನ್ನು ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯ 2025ರ ಡಿಸೆಂಬರ್ 23ರಂದು ತಳ್ಳಿಹಾಕಿದೆ. ಕಾನೂನು ಹೋರಾಟ ಮುಗಿದಿಲ್ಲ. ಆದರೆ ‘ಕೋರ್ಟ್ ಹೇಗೂ ತಡೆಯುತ್ತದೆ’ ಎಂದು ನಂಬಿ ಮನೆ ಮಾರಿ ಬರುವುದು ಸದ್ಯಕ್ಕೆ ಜಾಣತನವಲ್ಲ.

ಸುತ್ತುದಾರಿ, ಆದರೆ ಹತ್ತಿರದ ದಾರಿ

ಎಚ್-1ಬಿ ಬಾಗಿಲಿನ ಪಕ್ಕದಲ್ಲೇ ಇನ್ನೊಂದು ಬಾಗಿಲಿದೆ. ಬಹುರಾಷ್ಟ್ರೀಯ ಕಂಪನಿಯ ಭಾರತದ ಕಚೇರಿಯಲ್ಲಿ ಸತತವಾಗಿ ಒಂದು ವರ್ಷ ಕೆಲಸ ಮಾಡಿದವರನ್ನು ಅದೇ ಕಂಪನಿ ಎಲ್-1 ವೀಸಾದಲ್ಲಿ ಅಮೆರಿಕಕ್ಕೆ ಕರೆಸಿಕೊಳ್ಳಬಹುದು. ಇದಕ್ಕೆ ಲಾಟರಿಯೂ ಇಲ್ಲ, 1 ಲಕ್ಷ ಡಾಲರ್ ಶುಲ್ಕವೂ ಇಲ್ಲ. ಹೊರದೇಶದಲ್ಲಿ ಒಂದು ವರ್ಷ ಕಳೆದದ್ದರಿಂದ ಹಳೆಯ ವೀಸಾ ಅವಧಿಯ ಲೆಕ್ಕವೂ ಹೊಸದಾಗಿ ಶುರುವಾಗುತ್ತದೆ.

ಇದರ ಮುಂದಿನ ಹಂತ ಇನ್ನೂ ಮುಖ್ಯ. ಆ ಒಂದು ವರ್ಷ ಭಾರತದಲ್ಲಿ ಮ್ಯಾನೇಜರ್ ಆಗಿ ಕೆಲಸ ಮಾಡಿ, ಅಮೆರಿಕದಲ್ಲೂ ಮ್ಯಾನೇಜರ್ ಹುದ್ದೆಗೇ ಹೋಗುವವರು ಇಬಿ-1 ವಿಭಾಗದಲ್ಲಿ ಬಹುರಾಷ್ಟ್ರೀಯ ಮ್ಯಾನೇಜರ್‌ಗಳ ಗ್ರೀನ್ ಕಾರ್ಡ್‌ಗೆ ಅರ್ಹರಾಗಬಹುದು. ಅದಕ್ಕೆ ಪರ್ಮ್ ಬೇಕಿಲ್ಲ. ಇಬಿ-1ರಲ್ಲಿ ಭಾರತೀಯರ ಸಾಲು ಈಗಾಗಲೇ 2022ನ್ನು ಮುಟ್ಟಿ ಮುಂದೆ ಸಾಗಿದೆ. ಹಳೆಯ ಪ್ರಯಾರಿಟಿ ದಿನಾಂಕವನ್ನು ಹೊಸ ವಿಭಾಗಕ್ಕೂ ಒಯ್ಯಬಹುದಾದ್ದರಿಂದ 2017ರ ಟೋಕನ್ ಹಿಡಿದವರಿಗೆ ಕಾಯುವ ಕೆಲಸವೇ ಇರುವುದಿಲ್ಲ. ಡಲ್ಲಾಸ್‌ನಲ್ಲಿ ಹನ್ನೊಂದು ವರ್ಷ ಕಾಯಬೇಕಾಗಬಹುದಾದ ಕುಟುಂಬ, ಬೆಂಗಳೂರಿನಲ್ಲಿ ಒಂದೋ ಎರಡೋ ವರ್ಷ ಕಳೆದು ಅದಕ್ಕಿಂತ ಬೇಗ ಕಾರ್ಡ್ ಪಡೆಯುವ ಸಾಧ್ಯತೆ ಇದೆ. ಮಗಳ ವಯಸ್ಸಿನ ಸಮಸ್ಯೆಯೂ ಅಲ್ಲಿಗೆ ಮುಗಿಯುತ್ತದೆ.

ಇದು ಎಲ್ಲರಿಗೂ ತೆರೆದ ದಾರಿಯಲ್ಲ. ಬರೀ ‘ಮ್ಯಾನೇಜರ್’ ಎಂಬ ಹುದ್ದೆಯ ಹೆಸರು ಸಾಲದು. ಪದವೀಧರ ವೃತ್ತಿಪರರ ಅಥವಾ ಇತರ ಮೇಲ್ವಿಚಾರಕರ ತಂಡವನ್ನು ನಿಜವಾಗಿ ನಡೆಸುತ್ತಿರಬೇಕು, ನೇಮಕ, ಮೌಲ್ಯಮಾಪನದ ಅಧಿಕಾರ ಇರಬೇಕು, ಅದಕ್ಕೆ ದಾಖಲೆ ಬೇಕು. ದಿನವಿಡೀ ಕೋಡ್ ಬರೆಯುವ ಹಿರಿಯ ಎಂಜಿನಿಯರ್‌ನನ್ನು ಕಾಗದದ ಮೇಲೆ ಮ್ಯಾನೇಜರ್ ಮಾಡಿದ ಅರ್ಜಿಗಳು ತಿರಸ್ಕೃತವಾಗುತ್ತವೆ. ಕೆಲಸ ಬಿಟ್ಟು ಬೇರೆ ಭಾರತೀಯ ಕಂಪನಿ ಸೇರಿದರೆ ಈ ದಾರಿ ಇಲ್ಲ. ಕಂಪನಿ ನಂತರ ಕರೆಸಿಕೊಳ್ಳುತ್ತದೆ ಎಂಬ ಖಾತರಿಯೂ ಇಲ್ಲ. ಆದರೂ ರಾಜೀನಾಮೆ ಕೊಟ್ಟು ಬರುವುದಕ್ಕೂ ಅದೇ ಕಂಪನಿಯ ಬೆಂಗಳೂರು, ಹೈದರಾಬಾದ್ ಅಥವಾ ಪುಣೆ ಕಚೇರಿಗೆ ವರ್ಗ ಮಾಡಿಸಿಕೊಂಡು ಬರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಮೊದಲನೆಯದರಲ್ಲಿ ಒಂದು ಬಾಗಿಲು ಮುಚ್ಚುತ್ತದೆ, ಎರಡನೆಯದರಲ್ಲಿ ಮೂರು ಬಾಗಿಲು ಅರೆತೆರೆದಿರುತ್ತವೆ. ಕಂಪನಿಯ ಷೇರುಗಳಲ್ಲಿ ಇನ್ನೂ ಕೈಸೇರದ ಪಾಲು ಕೂಡ ವರ್ಗಾವಣೆಯಲ್ಲಿ ಸಾಮಾನ್ಯವಾಗಿ ಉಳಿಯುತ್ತದೆ, ರಾಜೀನಾಮೆಯಲ್ಲಿ ಹೋಗುತ್ತದೆ.

ಸಂಬಳ: ಎಷ್ಟು ಕಡಿಮೆ, ಎಲ್ಲಿ ಕಡಿಮೆ?

ವರ್ಗ ಮಾಡಿಸಿಕೊಳ್ಳಲು ಇಲ್ಲಿ ಹುದ್ದೆ ಇರಬೇಕು. ಈ ವಿಷಯದಲ್ಲಿ ಪರಿಸ್ಥಿತಿ ಹತ್ತು ವರ್ಷದ ಹಿಂದಿಗಿಂತ ಚೆನ್ನಾಗಿದೆ. ವಿದೇಶಿ ಕಂಪನಿಗಳು ಭಾರತದಲ್ಲಿ ನಡೆಸುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ಜಿಸಿಸಿಗಳು, ನಾಸ್ಕಾಂ ಮತ್ತು ಜಿನ್ನೋವ್ ವರದಿಯ ಪ್ರಕಾರ 2024ರ ಆರ್ಥಿಕ ವರ್ಷಕ್ಕೆ 1,700 ದಾಟಿದ್ದವು. ಅವುಗಳಲ್ಲಿ ಸುಮಾರು 19 ಲಕ್ಷ ಜನ ಕೆಲಸ ಮಾಡುತ್ತಿದ್ದರು. ಅತಿ ಹೆಚ್ಚು ಕೇಂದ್ರಗಳಿರುವುದು ಬೆಂಗಳೂರಿನಲ್ಲಿ. 2029ರೊಳಗೆ ಇನ್ನೂ 500 ಕೇಂದ್ರಗಳನ್ನು ತರುವ ಗುರಿಯನ್ನು ಕರ್ನಾಟಕ ಸರ್ಕಾರ ತನ್ನ ಜಿಸಿಸಿ ನೀತಿಯಲ್ಲಿ ಇಟ್ಟುಕೊಂಡಿದೆ. ಇನ್ನೊಂದೆಡೆ, ಸೇವಾ ಕಂಪನಿಗಳಲ್ಲಿ ಮಧ್ಯಮ ಮತ್ತು ಹಿರಿಯ ಹಂತದ ಕೆಲಸ ಅಷ್ಟು ಭದ್ರವಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಹುದ್ದೆ ಕಡಿತ ಪ್ರಕಟಿಸಿದಾಗ ಹೆಚ್ಚು ಪೆಟ್ಟು ಬಿದ್ದದ್ದು ಆ ಹಂತಕ್ಕೇ. ಹದಿನೈದು ವರ್ಷ ಅನುಭವದ ಮೇಲೆ ಮರಳುವವರು ಸೇರುವುದು ಅದೇ ಹಂತಕ್ಕೆ ಎಂಬುದನ್ನು ಮರೆಯುವಂತಿಲ್ಲ.

ಉದಾಹರಣೆಯ ಎಂಜಿನಿಯರ್‌ಗೆ ಡಲ್ಲಾಸ್‌ನಲ್ಲಿ ವರ್ಷಕ್ಕೆ 1.7 ಲಕ್ಷ ಡಾಲರ್ ಸಂಬಳ ಎಂದುಕೊಳ್ಳೋಣ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ. ಫೆಡರಲ್ ತೆರಿಗೆ, ಸಾಮಾಜಿಕ ಭದ್ರತೆ ಕಳೆದರೆ ತಿಂಗಳಿಗೆ ಸುಮಾರು 11,600 ಡಾಲರ್ ಕೈಗೆ ಬರುತ್ತದೆ. ಆರೋಗ್ಯ ವಿಮೆ, ಮನೆ ಸಾಲ, ಕಾರು, ಮಕ್ಕಳ ಖರ್ಚು ಕಳೆದು 4,000 ಡಾಲರ್ ಉಳಿತಾಯವಾದರೆ ಅದು 3.6 ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ ಅವರಿಗೆ ವರ್ಷಕ್ಕೆ 70 ಲಕ್ಷ ಸಂಬಳ ಸಿಕ್ಕರೆ, ಹೊಸ ತೆರಿಗೆ ಪದ್ಧತಿಯಲ್ಲಿ ಸರ್ಚಾರ್ಜ್, ಸೆಸ್ ಸೇರಿ ಸುಮಾರು 19 ಲಕ್ಷ ತೆರಿಗೆ. ಪಿಎಫ್ ಕಡಿತಕ್ಕೂ ಮೊದಲು ಕೈಗೆ ಬರುವುದು ತಿಂಗಳಿಗೆ 4.25 ಲಕ್ಷ. ಬಾಡಿಗೆ, ಇಬ್ಬರು ಮಕ್ಕಳ ಶಾಲೆ, ಕಾರು, ಮನೆಗೆಲಸದವರು, ಪ್ರವಾಸ ಎಲ್ಲ ಸೇರಿ 2.5 ಲಕ್ಷ ಖರ್ಚಾದರೆ ಉಳಿಯುವುದು 1.75 ಲಕ್ಷ.

ಎರಡೂ ಕಡೆಯ ಸಂಬಳವನ್ನು ನೇರ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ಎನಿಸುತ್ತದೆ. ಆದರೆ ನಿಜವಾಗಿ ಹೋಲಿಸಬೇಕಾದದ್ದು ಉಳಿತಾಯವನ್ನು. ಇಲ್ಲಿ ಕೊರತೆ ತಿಂಗಳಿಗೆ ಸುಮಾರು 1.85 ಲಕ್ಷ, ವರ್ಷಕ್ಕೆ 22 ಲಕ್ಷ. ಊರಿನಲ್ಲಿ ತಾಯಿ ಹತ್ತಿರವಿರುವುದಕ್ಕೆ, ವೀಸಾದ ಭಯವಿಲ್ಲದೆ ಮಲಗುವುದಕ್ಕೆ ಈ ಕುಟುಂಬ ಕೊಡುವ ಬೆಲೆ ಅದು. ಕೆಲವರಿಗೆ ಅದು ಅಗ್ಗ, ಕೆಲವರಿಗೆ ದುಬಾರಿ. ಪತ್ನಿಯೂ ಅಲ್ಲಿ ದುಡಿಯುತ್ತಿದ್ದರೆ, ಇಲ್ಲಿ ಅವರಿಗೆ ಕೆಲಸ ಸಿಗುತ್ತದೆಯೇ ಎಂಬುದರ ಮೇಲೆ ಈ ಅಂಕಿ ತಲೆಕೆಳಗಾಗಬಹುದು.

ಯಾವಾಗ ಬರಬೇಕು ಎಂಬುದೂ ಹಣದ ಪ್ರಶ್ನೆ

ಮರಳುವವರು ಹೆಚ್ಚು ಕಳೆದುಕೊಳ್ಳುವುದು ಸಂಬಳದಲ್ಲಲ್ಲ, ಕ್ಯಾಲೆಂಡರ್‌ನಲ್ಲಿ. ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಮಧ್ಯದ ಸ್ಥಿತಿ ಒಂದಿದೆ. ಆರ್‌ಎನ್‌ಒಆರ್ ಎಂದು ಲೆಕ್ಕ ಪರಿಶೋಧಕರು ಕರೆಯುವುದು ಇದನ್ನೇ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಭಾರತದಲ್ಲಿ ಇರದವರು ಇದಕ್ಕೆ ಅರ್ಹರು. ಈ ಸ್ಥಿತಿಯಲ್ಲಿ ಇಲ್ಲಿನ ಸಂಬಳಕ್ಕೆ ತೆರಿಗೆ ಇದೆ. ವಿದೇಶದಲ್ಲಿರುವ ಷೇರು, ಠೇವಣಿ, ಬಾಡಿಗೆಯ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲ.

ಉದಾಹರಣೆಯ ಎಂಜಿನಿಯರ್ 2026ರ ನವೆಂಬರ್‌ನಲ್ಲಿ ಬಂದರೆ ಮಾರ್ಚ್ ಅಂತ್ಯಕ್ಕೆ ಭಾರತದಲ್ಲಿ ಇದ್ದದ್ದು 151 ದಿನ. ಅದು 182 ದಿನಕ್ಕಿಂತ ಕಡಿಮೆ. ರಜೆಯಲ್ಲಿ ಬಂದುಹೋದ ದಿನಗಳನ್ನು ಸೇರಿಸಿಯೂ ಈ ಮಿತಿಯೊಳಗೇ ಇದ್ದರೆ 2026-27ರಲ್ಲಿ ಅವರು ಸಾಮಾನ್ಯವಾಗಿ ಅನಿವಾಸಿ. 2027-28 ಮತ್ತು 2028-29ರಲ್ಲಿ ಆರ್‌ಎನ್‌ಒಆರ್. 2029ರ ಏಪ್ರಿಲ್‌ನಿಂದ ಪೂರ್ಣ ನಿವಾಸಿ. ಅಂದರೆ ವಿದೇಶಿ ಆಸ್ತಿಯನ್ನು ಸರಿಪಡಿಸಿಕೊಳ್ಳಲು ಸುಮಾರು ಎರಡೂವರೆ ವರ್ಷ. ಅದೇ ವ್ಯಕ್ತಿ ಜೂನ್‌ನಲ್ಲಿ ಬಂದಿದ್ದರೆ ಆ ವರ್ಷವೇ ನಿವಾಸಿಯಾಗಿ ಒಂದು ಇಡೀ ಆರ್ಥಿಕ ವರ್ಷ ಕಳೆದುಕೊಳ್ಳುತ್ತಿದ್ದರು.

ಈ ಅವಧಿಯ ದೊಡ್ಡ ಉಪಯೋಗ ಕಂಪನಿ ಷೇರುಗಳದ್ದು. ಅಮೆರಿಕದ ತೆರಿಗೆ ನಿವಾಸಿ ಅಲ್ಲದವರು, ಆ ವರ್ಷ 183 ದಿನಕ್ಕಿಂತ ಕಡಿಮೆ ಅಲ್ಲಿದ್ದವರು ಷೇರು ಮಾರಿದ ಲಾಭಕ್ಕೆ ಅಮೆರಿಕ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ. ಆರ್‌ಎನ್‌ಒಆರ್ ಇರುವಾಗ ಭಾರತವೂ ಹಾಕುವುದಿಲ್ಲ. ಮಾರುವ ಯೋಚನೆ ಇರುವ ಷೇರುಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. 401(ಕೆ) ನಿವೃತ್ತಿ ನಿಧಿಯನ್ನು ಮಾತ್ರ ಅವಸರದಲ್ಲಿ ಒಡೆಯಬಾರದು. 59 ವರ್ಷ 6 ತಿಂಗಳು ತುಂಬುವ ಮೊದಲು ತೆಗೆದರೆ ತೆರಿಗೆಯ ಜೊತೆಗೆ ಶೇ 10 ದಂಡ ಇರುತ್ತದೆ. ಅದನ್ನು ಅಲ್ಲೇ ಬಿಟ್ಟವರಿಗೆ, ಹಣ ಕೈಗೆ ಬರುವ ವರ್ಷದವರೆಗೆ ಭಾರತದ ತೆರಿಗೆಯನ್ನು ಮುಂದೂಡುವ ಅವಕಾಶವನ್ನು 2021ರ ಬಜೆಟ್‌ನಲ್ಲಿ ಕೊಡಲಾಗಿದೆ. ಅದಕ್ಕೆ ನಿಗದಿತ ನಮೂನೆಯಲ್ಲಿ ಆಯ್ಕೆ ಸಲ್ಲಿಸಬೇಕು.

ಸಾಮಾಜಿಕ ಭದ್ರತೆಗೆ ಕಟ್ಟಿದ ಹಣದ ಬಗ್ಗೆಯೂ ಒಂದು ಮಾತು. ಭಾರತ ಮತ್ತು ಅಮೆರಿಕದ ನಡುವೆ ಈ ಹಣವನ್ನು ಪರಸ್ಪರ ಲೆಕ್ಕಕ್ಕೆ ಹಿಡಿಯುವ ಒಪ್ಪಂದ ಇಲ್ಲ. ಪಿಂಚಣಿಗೆ ಅರ್ಹರಾಗಲು 40 ಅಂಕ, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಒಂಬತ್ತೂವರೆ ವರ್ಷಕ್ಕೆ ಹೊರಡುವವರು ಇನ್ನು ಆರು ತಿಂಗಳು ನಿಂತರೆ ಏನು ಸಿಗುತ್ತದೆ ಎಂದು ತಮ್ಮ ಖಾತೆ ತೆರೆದು ನೋಡುವುದು ಒಳ್ಳೆಯದು.

ತೆರಿಗೆ ನವೆಂಬರ್ ಎನ್ನುತ್ತದೆ, ಶಾಲೆ ಜೂನ್ ಎನ್ನುತ್ತದೆ

ಕೊನೆಗೆ ಇವೆಲ್ಲ ಬಂದು ನಿಲ್ಲುವುದು ಮಕ್ಕಳ ಶಾಲೆಯ ಮುಂದೆ. ಸಿಬಿಎಸ್‌ಇಯಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ನೋಂದಣಿ ಆಗುವುದು ಒಂಬತ್ತರಲ್ಲಿ. 2013ರಲ್ಲಿ ಹುಟ್ಟಿದ ಮಗಳು 2027ರಲ್ಲಿ ಒಂಬತ್ತನೇ ತರಗತಿಗೆ ಬರುತ್ತಾಳೆ. ಅದಕ್ಕಿಂತ ತಡವಾದರೆ ಇನ್ನೆರಡು ವರ್ಷ ಅಲ್ಲೇ ಶಾಲೆ ಮುಗಿಸುವುದು ಅಥವಾ ಅಂತರರಾಷ್ಟ್ರೀಯ ಶಾಲೆಯ ಶುಲ್ಕ ಕಟ್ಟುವುದು ಎಂಬ ಎರಡೇ ದಾರಿ. ತೆರಿಗೆ ಲೆಕ್ಕ ಪ್ರತಿ ವ್ಯಕ್ತಿಗೂ ಪ್ರತ್ಯೇಕವಾದ್ದರಿಂದ, ತಾಯಿ ಮತ್ತು ಮಕ್ಕಳು ಶಾಲೆ ಆರಂಭಕ್ಕೆ ಬಂದು, ತಂದೆ ಅಕ್ಟೋಬರ್ ನಂತರ ಬರುವುದನ್ನು ಹಲವು ಕುಟುಂಬಗಳು ಆರಿಸಿಕೊಳ್ಳುತ್ತವೆ. ಕೆಲವು ತಿಂಗಳ ಅಗಲಿಕೆಗೆ ಒಂದು ವರ್ಷದ ತೆರಿಗೆ ಉಳಿತಾಯ.

ಮಗನ ಪರಿಸ್ಥಿತಿ ಬೇರೆ. ಅಮೆರಿಕದ ಪ್ರಜೆಯಾದ ಆತನಿಗೆ ಇಲ್ಲಿ ಒಸಿಐ ಕಾರ್ಡ್ ಬೇಕು. ಆ ಕಾರ್ಡ್ ಇದ್ದರೆ ಶಾಲೆಗೆ ತೊಂದರೆಯಿಲ್ಲ. ಆದರೆ 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯ ಪ್ರಕಾರ ನೀಟ್ ಮುಂತಾದ ಪ್ರವೇಶಗಳಲ್ಲಿ ಒಸಿಐ ಮಕ್ಕಳಿಗೆ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟುಗಳಷ್ಟೇ. ಭಾರತೀಯರಿಗೆಂದೇ ಇರುವ ಸೀಟು ಸಿಗುವುದಿಲ್ಲ. ಬೆಂಗಳೂರಿನಲ್ಲೇ ಓದಿ ಬೆಳೆದರೂ ಇದೇ ನಿಯಮ. ಆತ ಡಾಕ್ಟರಾಗಬೇಕೆಂದರೆ ಅದರ ಖರ್ಚನ್ನು ಪೋಷಕರು ಈಗಲೇ ಲೆಕ್ಕ ಹಾಕಬೇಕು. ಅದೇ ವೇಳೆ, ಬೇಕೆಂದಾಗ ಅಮೆರಿಕಕ್ಕೆ ಹೋಗಿ ಓದುವ, ದುಡಿಯುವ ಹಕ್ಕು ಆತನಿಗೆ ಹುಟ್ಟಿನಿಂದಲೇ ಇದೆ. 2039ರಲ್ಲಿ 21 ತುಂಬಿದ ಮೇಲೆ ಅಲ್ಲಿ ನೆಲೆಸಿದರೆ ತಂದೆ ತಾಯಿಗೆ ಸಾಲಿಲ್ಲದೆ ಗ್ರೀನ್ ಕಾರ್ಡ್ ಕೋರಬಹುದು. ಅಕ್ಕನಿಗೆ ಆ ಅನುಕೂಲವಿಲ್ಲ. ಒಡಹುಟ್ಟಿದವರ ಸಾಲು ಬೇರೆ, ಅದು ಇನ್ನೂ ಉದ್ದ.

ಈ ಕುಟುಂಬದ ಮಟ್ಟಿಗೆ ಲೆಕ್ಕ ಹೀಗೆ ನಿಲ್ಲುತ್ತದೆ. ಕಂಪನಿ ಬೆಂಗಳೂರಿಗೆ ವರ್ಗ ಮಾಡಲು ಒಪ್ಪಿ, ಅಲ್ಲಿ ತಂಡ ನಡೆಸುವ ಹುದ್ದೆ ಕೊಟ್ಟರೆ, ಬರುವುದರಿಂದ ಕಳೆದುಕೊಳ್ಳುವುದು ವರ್ಷಕ್ಕೆ 22 ಲಕ್ಷದ ಉಳಿತಾಯ. ಮಗಳ ಅನಿಶ್ಚಿತತೆ ಕಡಿಮೆಯಾಗುತ್ತದೆ, ಮರಳುವ ದಾರಿಯೂ ಉಳಿಯುತ್ತದೆ. ವರ್ಗ ಸಿಗದೆ ರಾಜೀನಾಮೆಯೇ ಗತಿಯಾದರೆ, 2027ರ ಸೆಪ್ಟೆಂಬರ್ ನಂತರ ಮರಳುವ ದಾರಿ ಬಹುತೇಕ ಮುಚ್ಚಿದಂತೆ. ಆಗ ಬರುವವರು ಇಲ್ಲೇ ನೆಲೆಸುವ ನಿರ್ಧಾರ ಮಾಡಿಯೇ ಬರಬೇಕು. ಐ-140 ಇನ್ನೂ ಒಪ್ಪಿಗೆಯಾಗದವರು, ಅಥವಾ ಒಪ್ಪಿಗೆಯಾಗಿ 180 ದಿನ ತುಂಬದವರು ಅದೊಂದು ಮುಗಿಯುವವರೆಗೆ ಅಲ್ಲೇ ಕಾಯುವುದು ಲೇಸು. ಸಾಲಿನಲ್ಲಿ ಪಡೆದ ಟೋಕನ್ ಒಂದೇ, ದೇಶ ಬಿಟ್ಟರೂ ಜೇಬಿನಲ್ಲಿ ಉಳಿಯುವಂಥದ್ದು.